ಎನಿಕಾಸ್ಟ್: ಒಂದೇ ವಿಳಾಸದ ಹಲವು ಸರ್ವರ್‌ಗಳು

ಅಂತರಜಾಲದಲ್ಲಿ 193.0.14.129 ಎಂಬ ವಿಳಾಸಕ್ಕೆ ಒಂದು ಪ್ರಶ್ನೆ ಕಳುಹಿಸಿದರೆ ಉತ್ತರ ಬರುತ್ತದೆ. ಅದನ್ನು ಕೊಟ್ಟ ಯಂತ್ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇರಬಹುದು, ಲಂಡನ್ನಿನಲ್ಲಿ ಇರಬಹುದು, ದೆಹಲಿಯ ಬದಿಯಲ್ಲೇ ಇರಬಹುದು. ಅದೇ ವಿಳಾಸವನ್ನು ಹೊತ್ತ ಯಂತ್ರಗಳು ಆ ಎಲ್ಲ ಊರುಗಳಲ್ಲೂ ಇವೆ, ಇನ್ನೂ ಹಲವು ಕಡೆ ಇವೆ. ಪ್ರಶ್ನೆ ಕೇಳಿದವರಿಗೆ ಅವುಗಳಲ್ಲಿ ಒಂದು ಮಾತ್ರ ಸಿಗುತ್ತದೆ. ಯಾವುದು ಎಂದು ಆರಿಸುವ ಅಧಿಕಾರ ಅವರಿಗಿಲ್ಲ, ವಿಳಾಸ ನೋಡಿ ಊಹಿಸಲೂ ಆಗದು. ಒಂದೇ ಐಪಿ ವಿಳಾಸವನ್ನು ಹಲವು ಸ್ಥಳಗಳಿಂದ ಏಕಕಾಲಕ್ಕೆ ಘೋಷಿಸಿ, ಬಂದ ಪ್ರತಿಯೊಂದು ಪ್ಯಾಕೆಟ್ಟನ್ನು ಅವುಗಳಲ್ಲಿ ಯಾವುದಾದರೂ ಒಂದಕ್ಕೆ ತಲುಪಿಸುವ ಈ ವ್ಯವಸ್ಥೆಗೆ ಎನಿಕಾಸ್ಟ್ ಎಂದು ಹೆಸರು. ಮೇಲಿನ ವಿಳಾಸ ಕೆ ರೂಟ್ ಎಂಬ ಮೂಲ ನಾಮ ಸರ್ವರಿನದು. ಎನಿಕಾಸ್ಟ್ ಅತಿ ಹೆಚ್ಚು ಕಾಲದಿಂದ, ಅತಿ ಬಹಿರಂಗವಾಗಿ ನಡೆದಿರುವುದು ಇಂಥ ರೂಟ್ ಸರ್ವರ್‌ಗಳಲ್ಲೇ. ಅದರ ಬಲವೂ ಎಡವಟ್ಟುಗಳೂ ಅಲ್ಲೇ ಚೆನ್ನಾಗಿ ಕಾಣುತ್ತವೆ.

ಈ ಕಲ್ಪನೆಯನ್ನು ಮೊದಲು ಬರಹಕ್ಕಿಳಿಸಿದ್ದು 1993ರ ನವೆಂಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1546. ಕ್ರೇಗ್ ಪಾರ್ಟ್ರಿಜ್, ಟ್ರೆವರ್ ಮೆಂಡೆಜ್ ಮತ್ತು ವಾಲ್ಟರ್ ಮಿಲಿಕನ್ ಬರೆದ ಆ ಟಿಪ್ಪಣಿ ಕೆಲವು ವರ್ಷ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಅದನ್ನು ನೆಲಕ್ಕಿಳಿಸಲು ಒಂದು ತುರ್ತು ಬೇಕಾಗಿತ್ತು. ಆ ತುರ್ತು ಬಂದದ್ದು ಹದಿಮೂರು ಎಂಬ ಸಂಖ್ಯೆಯಿಂದ.

ಡೊಮೇನ್ ಹೆಸರುಗಳ ವ್ಯವಸ್ಥೆಯ ತುದಿಯಲ್ಲಿ ಇರುವುದು ರೂಟ್ ವಲಯ. .com ಯಾರ ಬಳಿ ಇದೆ, .in ಯಾರ ಬಳಿ ಇದೆ ಎಂದು ಹೇಳುವ ಪಟ್ಟಿ ಅದು. ಆ ಪಟ್ಟಿಯನ್ನು ಹಂಚುವ ಸರ್ವರ್‌ಗಳಿಗೆ ಎ ಇಂದ ಎಂ ವರೆಗೆ ಹದಿಮೂರು ಹೆಸರು. ನಡೆಸುವ ಸಂಸ್ಥೆಗಳು ಹನ್ನೆರಡು. ಎ ಮತ್ತು ಜೆ ಎರಡೂ ವೆರಿಸೈನ್ ಕೈಯಲ್ಲಿವೆ. ಹದಿಮೂರಕ್ಕೆ ನಿಲ್ಲಿಸಿದ್ದೇಕೆ ಎಂಬುದು ಬೈಟ್‌ಗಳ ಲೆಕ್ಕ. ಹಳೆಯ ಡಿಎನ್‌ಎಸ್ ನಿಯಮದಲ್ಲಿ ಯುಡಿಪಿ ಮೂಲಕ ಬರುವ ಉತ್ತರ 512 ಬೈಟ್ ಮೀರುವಂತಿಲ್ಲ. ಎಲ್ಲ ರೂಟ್ ಸರ್ವರ್‌ಗಳ ಹೆಸರು ಮತ್ತು ವಿಳಾಸ ಒಂದೇ ಪ್ಯಾಕೆಟ್ಟಿನಲ್ಲಿ ಹಿಡಿಯಬೇಕು. ಶಿರೋಭಾಗಕ್ಕೆ 12 ಬೈಟ್, ಪ್ರಶ್ನೆಗೆ 5. ಮೊದಲ ಹೆಸರಿನ ದಾಖಲೆಗೆ 31 ಬೈಟ್ ಬೇಕು. ಆಮೇಲಿನವೆಲ್ಲ ಅದೇ root-servers.net ಎಂಬ ಬಾಲವನ್ನು ಹಂಚಿಕೊಳ್ಳುವುದರಿಂದ ತಲಾ 15 ಬೈಟ್‌ನಲ್ಲಿ ಮುಗಿಯುತ್ತವೆ, ಹನ್ನೆರಡಕ್ಕೆ 180. ಹದಿಮೂರು ವಿಳಾಸಗಳಿಗೆ ತಲಾ 16ರಂತೆ 208. ಒಟ್ಟು 436. ಉಳಿದ ಸ್ವಲ್ಪ ಜಾಗವನ್ನು ಮುಂದಿನ ಅಗತ್ಯಕ್ಕೆಂದು ಬಿಟ್ಟು ಅಲ್ಲಿಗೆ ಗೆರೆ ಎಳೆದರು.

ಹದಿಮೂರು ಹೆಸರು ಎಂದರೆ ಆಗ ಹದಿಮೂರು ಸ್ಥಳ ಎಂದೇ ಅರ್ಥ. ಹತ್ತು ಅಮೆರಿಕದಲ್ಲಿದ್ದವು, ಉಳಿದ ಮೂರು ಸ್ಟಾಕ್‌ಹೋಮ್, ಲಂಡನ್ ಮತ್ತು ಟೋಕಿಯೊದಲ್ಲಿ. ಭಾರತದ ಪ್ರಶ್ನೆ ಯಾವ ರೂಟ್ ಸರ್ವರಿಗೆ ಹೋದರೂ ಸಮುದ್ರ ದಾಟಲೇಬೇಕಿತ್ತು.

2002ರ ಅಕ್ಟೋಬರ್ 21ರಂದು, ಭಾರತದ ಗಡಿಯಾರದಲ್ಲಿ ಮರುದಿನ ಬೆಳಗಿನ ಜಾವ ಎರಡೂಕಾಲರ ಹೊತ್ತಿಗೆ, ಹದಿಮೂರರ ಮೇಲೂ ಒಟ್ಟಿಗೆ ದಾಳಿ ಶುರುವಾಯಿತು. ಒಂದೊಂದು ಸರ್ವರಿನತ್ತ ಸೆಕೆಂಡಿಗೆ 50ರಿಂದ 100 ಮೆಗಾಬಿಟ್‌ನಷ್ಟು ಕಸದ ಪ್ಯಾಕೆಟ್‌ಗಳು ನುಗ್ಗಿದವು. ಇಂದಿನ ಮನೆಯ ಫೈಬರ್ ಸಂಪರ್ಕದ ವೇಗ ಅಷ್ಟೇ ಇರುತ್ತದೆ. ಆಗ ಅದು ಹಲವು ಸರ್ವರ್‌ಗಳ ದಾರಿ ಕಟ್ಟಲು ಸಾಕಾಯಿತು. ಸುಮಾರು ಒಂದೂಕಾಲು ಗಂಟೆಯ ದಾಳಿಯಲ್ಲಿ ಕೆಲವು ಸರ್ವರ್‌ಗಳು ಜಗತ್ತಿನ ಬಹು ಭಾಗಕ್ಕೆ ಸಿಗದಂತಾದವು. ಬಳಕೆದಾರರಿಗೆ ಬಿಸಿ ತಟ್ಟಲಿಲ್ಲ, ಏಕೆಂದರೆ ರೂಟ್ ಕೊಡುವ ಉತ್ತರಗಳನ್ನು ಅಂತರಜಾಲ ಸೇವಾ ಸಂಸ್ಥೆಗಳ ರಿಸಾಲ್ವರ್‌ಗಳು ಎರಡು ದಿನ ನೆನಪಿಟ್ಟುಕೊಳ್ಳಬಹುದು. ಆದರೆ ನಡೆಸುವವರಿಗೆ ಒಂದು ವಿಷಯ ಸ್ಪಷ್ಟವಾಯಿತು: ಹದಿಮೂರು ಗುರಿಗಳು ಎಲ್ಲಿವೆ ಎಂದು ದಾಳಿಕೋರರಿಗೆ ಗೊತ್ತು, ಹದಿನಾಲ್ಕನೆಯ ಹೆಸರು ಸೇರಿಸಲು ಪ್ಯಾಕೆಟ್ಟಿನಲ್ಲಿ ಜಾಗವಿಲ್ಲ. ಹೆಸರು ಹೆಚ್ಚಿಸದೆ ಯಂತ್ರಗಳನ್ನು ಹೆಚ್ಚಿಸಲು ಉಳಿದ ದಾರಿ ಎನಿಕಾಸ್ಟ್. ಅದೇ ವರ್ಷದ ಏಪ್ರಿಲ್‌ನಲ್ಲಿ ಟೆಡ್ ಹಾರ್ಡಿ ಬರೆದ ಆರ್‌ಎಫ್‌ಸಿ 3258 ಅದಕ್ಕೆ ಬೇಕಾದ ಕ್ರಮವನ್ನು ವಿವರಿಸಿಯಾಗಿತ್ತು.

ಒಂದು ವಿಳಾಸ ಹಲವು ಕಡೆ ಇದ್ದರೆ ಜಾಲ ಗೊಂದಲಕ್ಕೆ ಬೀಳುವುದಿಲ್ಲವೆ? ಬೀಳುವುದಿಲ್ಲ, ಏಕೆಂದರೆ ಯಂತ್ರಗಳು ಎಷ್ಟಿವೆ ಎಂಬುದು ರೂಟರಿಗೆ ಗೊತ್ತೇ ಇರುವುದಿಲ್ಲ. ಕರ್ನಾಟಕದಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರುಗಳು ಲೆಕ್ಕವಿಲ್ಲದಷ್ಟಿವೆ. ಪ್ರತಿ ಕೂಡುರಸ್ತೆಯಲ್ಲೂ ‘ಹೊಸಹಳ್ಳಿಗೆ’ ಎಂದು ಬಾಣದ ಗುರುತಿನ ಒಂದೇ ಒಂದು ಫಲಕ ಇದ್ದು, ಪ್ರಯಾಣಿಕ ಫಲಕವನ್ನಷ್ಟೇ ನಂಬಿ ನಡೆದರೆ ಯಾವುದೋ ಒಂದು ಹೊಸಹಳ್ಳಿಗೆ ತಲುಪೇ ತಲುಪುತ್ತಾನೆ. ಪ್ಯಾಕೆಟ್ಟಿನ ಪಾಡೂ ಅದೇ. ರೂಟರಿನ ಪಟ್ಟಿಯಲ್ಲಿ ಒಂದು ವಿಳಾಸಗುಚ್ಛಕ್ಕೆ ‘ಮುಂದಿನ ಹೆಜ್ಜೆ ಇದು’ ಎಂಬ ನಮೂದು ಇರುತ್ತದೆ. ಅದೇ ವಿಳಾಸಕ್ಕೆ ಐದು ದಿಕ್ಕಿನಿಂದ ಘೋಷಣೆ ಬಂದರೂ ರೂಟರಿಗೆ ಅದು ಒಂದೇ ಊರಿಗೆ ಇರುವ ಐದು ದಾರಿಗಳಂತೆ ಕಾಣುತ್ತದೆ. ಐದರಲ್ಲಿ ಒಂದನ್ನು ಆರಿಸಿ ಮುಂದಕ್ಕೆ ಕಳುಹಿಸುತ್ತದೆ.

ಘೋಷಣೆ ಮಾಡುವ ಕ್ರಮ ಸರಳ. ಸರ್ವರಿನ ಲೂಪ್‌ಬ್ಯಾಕ್ ಇಂಟರ್‌ಫೇಸಿಗೆ ಹಂಚಿಕೆಯ ವಿಳಾಸ ಕೊಡಲಾಗುತ್ತದೆ. ಪಕ್ಕದ ರೂಟರಿನೊಂದಿಗೆ ಬಿಜಿಪಿ ಎಂಬ ನಿಯಮಾವಳಿಯಲ್ಲಿ ಮಾತಾಡುವ ಒಂದು ಚಿಕ್ಕ ತಂತ್ರಾಂಶ ‘ಈ ವಿಳಾಸ ನನ್ನಲ್ಲಿದೆ’ ಎಂದು ಹೇಳುತ್ತದೆ. ನಿರ್ವಹಣೆಗೆ, ವಲಯದ ಪ್ರತಿ ತರಿಸಿಕೊಳ್ಳಲು ಆ ಯಂತ್ರಕ್ಕೆ ಬೇರೆ, ತನ್ನದೇ ಆದ ವಿಳಾಸವೂ ಬೇಕು. ಹಂಚಿಕೆಯ ವಿಳಾಸಕ್ಕೆ ಲಾಗಿನ್ ಆಗಲು ಹೋದರೆ ಯಾವ ದೇಶದ ಯಂತ್ರ ಬಾಗಿಲು ತೆಗೆಯುತ್ತದೋ ಹೇಳಲಾಗದು. ಒಂದು ಖರ್ಚು ಮಾತ್ರ ತಪ್ಪಿದ್ದಲ್ಲ. 256 ವಿಳಾಸಗಳ ಗುಚ್ಛಕ್ಕಿಂತ ಚಿಕ್ಕ ಘೋಷಣೆಯನ್ನು ಬಹುತೇಕ ಸಂಸ್ಥೆಗಳು ಒಪ್ಪುವುದಿಲ್ಲ. ಹಾಗಾಗಿ ಒಂದು ವಿಳಾಸಕ್ಕಾಗಿ ಇಡೀ ಗುಚ್ಛವನ್ನೇ ಮೀಸಲಿಡಬೇಕು.

ಇನ್ನು ರೂಟರ್ ಆರಿಸುವ ಬಗೆ. ಎನಿಕಾಸ್ಟ್ ಬಗ್ಗೆ ಅತಿ ಹೆಚ್ಚು ಕೇಳಿಬರುವ ಮಾತು ‘ಹತ್ತಿರದ ಸರ್ವರಿಗೆ ಕಳುಹಿಸುತ್ತದೆ’ ಎಂಬುದು. ಅದು ಅರ್ಧ ಸತ್ಯ. ಬಿಜಿಪಿಗೆ ಕಿಲೋಮೀಟರ್ ಗೊತ್ತಿಲ್ಲ, ಮಿಲಿಸೆಕೆಂಡೂ ಗೊತ್ತಿಲ್ಲ. ಅದರ ಮೊದಲ ಮಾನದಂಡ ಸಂಸ್ಥೆಯ ಸ್ವಂತ ಆದ್ಯತೆ, ಆ ಆದ್ಯತೆಯ ಹಿಂದೆ ಇರುವುದು ಸಾಮಾನ್ಯವಾಗಿ ದುಡ್ಡು. ಹಣ ಕೊಡುವ ಗ್ರಾಹಕನಿಂದ ಕೇಳಿದ ದಾರಿಗೆ ಮೊದಲ ಸ್ಥಾನ. ಪುಕ್ಕಟೆ ವಿನಿಮಯದ ಪಿಯರ್‌ನಿಂದ ಬಂದದ್ದಕ್ಕೆ ಎರಡನೆಯದು. ತಾನೇ ಹಣ ತೆತ್ತು ಪಡೆಯುವ ಟ್ರಾನ್ಸಿಟ್ ದಾರಿಗೆ ಕೊನೆಯದು. ಇವು ಸಮವಾದರೆ ಮಾತ್ರ, ದಾರಿಯಲ್ಲಿ ಎಷ್ಟು ಸಂಸ್ಥೆಗಳ ಜಾಲ ದಾಟಬೇಕು ಎಂಬ ಎಣಿಕೆ.

ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಸೇವಾ ಸಂಸ್ಥೆ ಇದೆ ಎಂದುಕೊಳ್ಳೋಣ. ಅದಕ್ಕೆ ಕೆ ರೂಟ್‌ನ ಘೋಷಣೆ ಎರಡು ಕಡೆಯಿಂದ ತಲುಪುತ್ತಿದೆ. ಮೊದಲನೆಯದು ದೇಶದೊಳಗಿನ ಇಂಟರ್‌ನೆಟ್ ವಿನಿಮಯ ಕೇಂದ್ರಕ್ಕೆ ಸೇರಿದ ಮತ್ತೊಂದು ಸಂಸ್ಥೆಯ ಮೂಲಕ, ಮೂರು ಜಾಲ ದಾಟಿ ಬಂದದ್ದು. ಎರಡನೆಯದು ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಯೊಂದರ ಮೂಲಕ, ಎರಡೇ ಜಾಲ ದಾಟಿ. ಎರಡಕ್ಕೂ ಅದು ಹಣ ಕೊಡುತ್ತದೆಯಾದ್ದರಿಂದ ಆದ್ಯತೆ ಸಮ. ಎಣಿಕೆಯಲ್ಲಿ ಎರಡು ಮೂರಕ್ಕಿಂತ ಕಡಿಮೆ, ಆದ್ದರಿಂದ ಎರಡನೆಯದು ಗೆಲ್ಲುತ್ತದೆ. ಆದರೆ ಆ ದೊಡ್ಡ ಸಂಸ್ಥೆಯ ಒಂದೇ ‘ಜಾಲ’ ಮುಂಬೈಯಿಂದ ಫ್ರಾಂಕ್‌ಫರ್ಟ್‌ವರೆಗೆ ಹರಡಿದ್ದು, ಕೆ ರೂಟನ್ನು ಅದು ಸಂಧಿಸುವುದು ಯುರೋಪಿನಲ್ಲಿ ಇರಬಹುದು. ಬಿಜಿಪಿ ಲೆಕ್ಕದಲ್ಲಿ ಅಷ್ಟು ಸಾವಿರ ಕಿಲೋಮೀಟರೂ ಒಂದೇ ಹೆಜ್ಜೆ. ದೆಹಲಿಯಲ್ಲಿ ಸರ್ವರ್ ಇದ್ದೂ ಹುಬ್ಬಳ್ಳಿಯ ಪ್ರಶ್ನೆ ಸಮುದ್ರದಡಿಯ ಕೇಬಲ್ ಹಿಡಿದು ಯುರೋಪಿಗೆ ಹೋಗಿ ಬರುತ್ತದೆ. ಯಾರೂ ತಪ್ಪು ಮಾಡಿಲ್ಲ, ಯಾವ ಯಂತ್ರವೂ ಕೆಟ್ಟಿಲ್ಲ.

ಹೀಗೆ ಒಂದೊಂದು ಸರ್ವರಿನ ಪಾಲಿಗೆ ಬೀಳುವ ಜಾಲಗಳ ಗುಂಪಿಗೆ ಆ ವೃತ್ತಿಯವರು ಕ್ಯಾಚ್‌ಮೆಂಟ್ ಎನ್ನುತ್ತಾರೆ. ಭೂಪಟದ ಮೇಲೆ ಅದನ್ನು ಬರೆದರೆ ಅಚ್ಚುಕಟ್ಟಾದ ವೃತ್ತ ಸಿಗುವುದಿಲ್ಲ. ಒಂದೇ ಊರಿನ ಎರಡು ಮನೆ ಬೇರೆ ಬೇರೆ ಖಂಡಕ್ಕೆ ಸೇರಬಹುದು. ಸರ್ವರ್ ಸ್ಥಾಪಿಸುವುದರಷ್ಟೇ ಅದು ಯಾರ ಯಾರ ಜಾಲಕ್ಕೆ ಕೂಡಿದೆ ಎಂಬುದೂ ಮುಖ್ಯವಾಗುವುದು ಇದರಿಂದಲೇ. ಭಾರತದಲ್ಲಿ 2005ರಲ್ಲಿ ರಾಷ್ಟ್ರೀಯ ಇಂಟರ್‌ನೆಟ್ ವಿನಿಮಯ ಕೇಂದ್ರ ನಿಕ್ಸಿಯ ನೆರವಿನಿಂದ ಚೆನ್ನೈಗೆ ಎಫ್, ಮುಂಬೈಗೆ ಐ, ದೆಹಲಿಗೆ ಕೆ ರೂಟ್‌ಗಳು ಬಂದವು. ವಿನಿಮಯ ಕೇಂದ್ರಗಳಲ್ಲೇ ಅವನ್ನು ಕೂರಿಸಿದ್ದಕ್ಕೆ ಕಾರಣ ಇದೇ. ಅಲ್ಲಿ ಹಲವು ಸಂಸ್ಥೆಗಳು ಒಂದೇ ಕೋಣೆಯಲ್ಲಿ ಕೂಡುತ್ತವೆ.

ನಡೆಸುವವರ ಕೈಯಲ್ಲಿ ಕ್ಯಾಚ್‌ಮೆಂಟನ್ನು ತಿದ್ದುವ ಕೆಲವು ಉಪಾಯಗಳಿವೆ. ಘೋಷಣೆಯಲ್ಲಿ ತಮ್ಮದೇ ಜಾಲಸಂಖ್ಯೆಯನ್ನು ಎರಡು ಮೂರು ಬಾರಿ ಬರೆದು ದಾರಿ ಉದ್ದವಿದ್ದಂತೆ ತೋರಿಸುವುದು ಒಂದು. ‘ಈ ಘೋಷಣೆಯನ್ನು ನಿನ್ನಿಂದಾಚೆಗೆ ಹೇಳಬೇಡ’ ಎಂಬ ಗುರುತು ಹಚ್ಚಿ ಸರ್ವರನ್ನು ಸ್ಥಳೀಯವಾಗಿ ಉಳಿಸುವುದು ಇನ್ನೊಂದು. ಎಫ್ ರೂಟ್ ನಡೆಸುವ ಐಎಸ್‌ಸಿ ಮೊದಲಿನಿಂದಲೂ ಸಣ್ಣ ನೆಲೆಗಳನ್ನು ಹೀಗೆ ಸೀಮಿತವಾಗಿಟ್ಟು, ಕ್ಯಾಲಿಫೋರ್ನಿಯದ ದೊಡ್ಡ ನೆಲೆಗಳನ್ನು ಜಗತ್ತಿಗೆಲ್ಲ ತೆರೆದಿಟ್ಟಿತ್ತು. ಆದರೆ ಇವೆಲ್ಲ ಮೊಂಡು ಆಯುಧಗಳು. ದೂರದ ಸಂಸ್ಥೆ ತನ್ನ ಆದ್ಯತೆಯಿಂದಲೇ ಆರಿಸುತ್ತಿದ್ದರೆ ದಾರಿಯನ್ನು ಎಷ್ಟು ಉದ್ದ ತೋರಿಸಿದರೂ ಅದು ಕಿವಿಗೊಡದು.

ಹಾಗಾದರೆ ಎಷ್ಟು ನೆಲೆ ಬೇಕು? ಸಿ, ಎಫ್, ಕೆ, ಎಲ್ ರೂಟ್‌ಗಳನ್ನು ಅಳೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ವೇಗದ ದೃಷ್ಟಿಯಿಂದ ನೋಡಿದರೆ ಸರಿಯಾದ ಜಾಗದಲ್ಲಿ ಹನ್ನೆರಡು ನೆಲೆಗಳಿದ್ದರೂ ಹೆಚ್ಚು ಕಡಿಮೆ ಸಾಕು ಎಂದಿತು. ಆದರೂ ಇಂದು ರೂಟ್ ಸರ್ವರ್‌ಗಳ ಒಟ್ಟು ಯಂತ್ರನೆಲೆಗಳು 1,800 ದಾಟಿವೆ. ಕಾರಣ ಬರೀ ವೇಗವಲ್ಲ, ದಾಳಿ.

ದಾಳಿಯ ವಿಷಯದಲ್ಲಿ ಎನಿಕಾಸ್ಟ್ ಮಾಡುವ ಕೆಲಸ ಸೊಗಸಾದದ್ದು. ಸೋಂಕು ತಗುಲಿದ ಸಾವಿರಾರು ಕಂಪ್ಯೂಟರ್‌ಗಳಿಂದ ದಾಳಿ ನಡೆದಾಗ ಪ್ರತಿ ಕಂಪ್ಯೂಟರಿನ ಪ್ಯಾಕೆಟ್ಟೂ ತನ್ನ ಕ್ಯಾಚ್‌ಮೆಂಟಿನ ಸರ್ವರಿಗಷ್ಟೇ ತಲುಪುತ್ತದೆ. ದಾಳಿಕೋರ ಸ್ಟಾಕ್‌ಹೋಮಿನ ಸರ್ವರನ್ನೇ ಬೀಳಿಸಬೇಕು ಎಂದು ಬಯಸಿದರೂ ಕೊರಿಯದಿಂದ ಹೊರಟ ಪ್ಯಾಕೆಟ್ಟುಗಳನ್ನು ಅಲ್ಲಿಗೆ ತಿರುಗಿಸಲಾರ. ವಿಳಾಸದಲ್ಲಿ ಊರಿನ ಹೆಸರಿಲ್ಲದಿರುವುದು ಇಲ್ಲಿ ರಕ್ಷಣೆಯಾಗುತ್ತದೆ.

2007ರ ಫೆಬ್ರುವರಿ 6ರ ದಾಳಿಯಲ್ಲಿ ಇದು ಬಯಲಿನಲ್ಲೇ ಸಾಬೀತಾಯಿತು. ಕನಿಷ್ಠ ಆರು ರೂಟ್ ಸರ್ವರ್‌ಗಳ ಮೇಲೆ ದಾಳಿ ನಡೆದರೂ ಗಂಭೀರವಾಗಿ ಬಳಲಿದವು ಜಿ ಮತ್ತು ಎಲ್ ಎರಡೇ. ಆ ಹೊತ್ತಿಗೆ ಎರಡೂ ಎನಿಕಾಸ್ಟ್ ಅಳವಡಿಸಿಕೊಂಡಿರಲಿಲ್ಲ. ಎಲ್ ನಡೆಸುವ ಐಕಾನ್ ಆ ಬಳಿಕ ಹಿಂದೆ ನೋಡಲಿಲ್ಲ. ಇಂದು ಅತಿ ಹೆಚ್ಚು ನೆಲೆಗಳಿರುವ ರೂಟ್‌ಗಳ ಸಾಲಿನಲ್ಲಿ ಅದಿದೆ. ಬಿ ರೂಟ್ ಮಾತ್ರ 2017ರವರೆಗೆ ಕಾಯಿತು.

ಆದರೆ ನೆಲೆಗಳು ಬಹಳ ಇವೆ ಎಂದ ಮಾತ್ರಕ್ಕೆ ಕಷ್ಟದ ನಿರ್ಧಾರ ತಪ್ಪುವುದಿಲ್ಲ. 2015ರ ನವೆಂಬರ್ 30ರ ದಾಳಿಯಲ್ಲಿ ಗುರಿಯಾದ ಒಂದೊಂದು ರೂಟ್‌ಗೂ ಸೆಕೆಂಡಿಗೆ ಸುಮಾರು 50 ಲಕ್ಷ ಪ್ರಶ್ನೆ ಸುರಿಯಿತು. ಸಾಮಾನ್ಯ ದಿನದ ಸರಿಸುಮಾರು ನೂರು ಪಟ್ಟು. ಸುಮಾರು ಎರಡು ಗಂಟೆ ನಲವತ್ತು ನಿಮಿಷದ ಆ ಹೊಡೆತ ಮುಗಿದು ಮರುದಿನ ಮತ್ತೆ ಒಂದು ಗಂಟೆ ನಡೆಯಿತು. ಇಂಥ ಹೊತ್ತಿನಲ್ಲಿ ಒಂದು ನೆಲೆಯ ಕೊಂಡಿ ತುಂಬಿ ಉಕ್ಕಿದರೆ ಎರಡು ದಾರಿಗಳಿವೆ. ಘೋಷಣೆ ಹಿಂತೆಗೆದುಕೊಂಡರೆ ಅದರ ಕ್ಯಾಚ್‌ಮೆಂಟಿನ ನಿಜವಾದ ಬಳಕೆದಾರರು ಬೇರೆ ನೆಲೆಗೆ ಹೋಗಿ ಉತ್ತರ ಪಡೆಯಬಹುದು; ಆದರೆ ದಾಳಿಯ ಪ್ಯಾಕೆಟ್ಟುಗಳೂ ಅವರ ಬೆನ್ನಿಗೇ ಹೋಗುತ್ತವೆ. ಆ ನೆಲೆಯೂ ತಾಳಲಾರದೆ ಹಿಂತೆಗೆದರೆ ಹೊರೆ ಮೂರನೆಯದಕ್ಕೆ. ಹೀಗೆ ಸಾಲಾಗಿ ಬೀಳುವ ಅಪಾಯ. ಎರಡನೆಯ ದಾರಿ, ಕುಸಿದರೂ ಸರಿ ಎಂದು ನಿಂತುಬಿಡುವುದು. ಆಗ ಆ ನೆಲೆಯ ಬಳಕೆದಾರರಿಗೆ ಉತ್ತರ ಸಿಗದು, ಆದರೆ ದಾಳಿಯ ಒಂದು ದೊಡ್ಡ ಪಾಲು ಅಲ್ಲೇ ಹೂತುಹೋಗಿ ಉಳಿದ ನೆಲೆಗಳು ಬದುಕುತ್ತವೆ. ಆ ದಿನಗಳಲ್ಲಿ ಎರಡೂ ಬಗೆ ಕಂಡವು ಎಂದು ಮರುವರ್ಷ ಪ್ರಕಟವಾದ ವಿಶ್ಲೇಷಣೆ ದಾಖಲಿಸಿದೆ. ಮುಳುಗಿದ ನೆಲೆಯನ್ನು ನೋಡಿ ‘ಎನಿಕಾಸ್ಟ್ ಸೋತಿತು’ ಎನ್ನುವುದು ಅವಸರದ ಮಾತು. ಕೆಲವು ಸಲ ಅದು ಇಡೀ ಸೇವೆಯ ಪರವಾಗಿ ತೆತ್ತ ಬೆಲೆ.

ಹಿಂತೆಗೆಯುವ ಕೆಲಸವನ್ನು ದಿನನಿತ್ಯ ಯಂತ್ರಗಳೇ ಮಾಡುತ್ತವೆ, ಮಾಡಲೇಬೇಕು. ನಾಮ ಸರ್ವರ್ ತಂತ್ರಾಂಶ ಸತ್ತು, ಘೋಷಣೆ ಮಾತ್ರ ಜೀವಂತವಾಗಿದ್ದರೆ ಆ ಕ್ಯಾಚ್‌ಮೆಂಟಿನ ಪ್ರಶ್ನೆಗಳೆಲ್ಲ ಕತ್ತಲ ಬಾವಿಗೆ ಬಿದ್ದಂತೆ. ಪಕ್ಕದ ದೇಶದಲ್ಲಿ ಸರಿಯಾದ ಸರ್ವರ್ ಇದ್ದೂ ಉಪಯೋಗವಿಲ್ಲ. ಅದಕ್ಕೇ ಪ್ರತಿ ನೆಲೆಯಲ್ಲೂ ಒಂದು ಕಾವಲು ತಂತ್ರಾಂಶ ಕೆಲವು ಸೆಕೆಂಡಿಗೊಮ್ಮೆ ತನ್ನ ಸರ್ವರಿಗೇ ಪ್ರಶ್ನೆ ಕೇಳಿ, ಉತ್ತರ ಬಾರದಿದ್ದರೆ ಬಿಜಿಪಿ ಘೋಷಣೆಯನ್ನು ನಿಲ್ಲಿಸುತ್ತದೆ. ಈ ಕಾವಲೇ ಮುಳುವಾದ ಪ್ರಸಂಗ ರೂಟ್ ಸರ್ವರ್‌ಗಳದ್ದಲ್ಲ, ಫೇಸ್‌ಬುಕ್‌ನದು. 2021ರ ಅಕ್ಟೋಬರ್ 4ರಂದು ನಿರ್ವಹಣೆಯ ಒಂದು ಆದೇಶದಿಂದ ಆ ಸಂಸ್ಥೆಯ ದತ್ತಾಂಶ ಕೇಂದ್ರಗಳನ್ನು ಕೂಡಿಸುವ ಒಳಜಾಲ ಪೂರ್ತಿ ಕಡಿದುಹೋಯಿತು. ಅಂಚಿನ ನಾಮ ಸರ್ವರ್‌ಗಳಿಗೆ ಇದ್ದ ಸೂಚನೆ: ದತ್ತಾಂಶ ಕೇಂದ್ರ ಸಿಗದಿದ್ದರೆ ತಮ್ಮಲ್ಲೇ ದೋಷವಿದೆ ಎಂದು ತಿಳಿದು ಘೋಷಣೆ ಹಿಂತೆಗೆಯಬೇಕು. ಒಂದು ನೆಲೆ ಕೆಟ್ಟಾಗ ಸರಿಯಾದ ನಿಯಮ. ಅಂದು ಎಲ್ಲ ನೆಲೆಗಳೂ ಒಂದೇ ಬಾರಿಗೆ ಅದನ್ನು ಪಾಲಿಸಿದವು. ನಾಮ ಸರ್ವರ್‌ಗಳು ಸರಿಯಾಗಿಯೇ ಓಡುತ್ತಿದ್ದರೂ ಜಗತ್ತಿಗೆ ಅವುಗಳ ದಾರಿ ಅಳಿಸಿಹೋಗಿತ್ತು. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮೂಕವಾದವು.

ಇನ್ನೊಂದು ಬಗೆಯ ಎಡವಟ್ಟಿನಲ್ಲಿ ಸರ್ವರ್ ಬದುಕಿರುತ್ತದೆ, ದಾರಿಯೂ ಇರುತ್ತದೆ. ದಾರಿ ಹಾಯುವ ನಾಡೇ ತೊಂದರೆ. 2010ರ ಮಾರ್ಚ್‌ನಲ್ಲಿ ಚಿಲಿ ದೇಶದ .cl ಡೊಮೇನಿನ ನಿರ್ವಾಹಕರೊಬ್ಬರು ವಿಚಿತ್ರವೊಂದನ್ನು ಗಮನಿಸಿದರು. ಐ ರೂಟ್‌ಗೆ www.facebook.com ಬಗ್ಗೆ ಕೇಳಿದರೆ ನೇರವಾಗಿ ಒಂದು ಐಪಿ ವಿಳಾಸ ಬರುತ್ತಿತ್ತು, ಅದೂ ತಪ್ಪು ವಿಳಾಸ. ರೂಟ್ ಸರ್ವರ್ ಎಂದೂ ಹಾಗೆ ಉತ್ತರಿಸುವುದಿಲ್ಲ, ‘.com ನೋಡಿಕೊಳ್ಳುವವರು ಇವರು, ಅಲ್ಲಿ ಕೇಳು’ ಎಂದಷ್ಟೇ ಹೇಳುತ್ತದೆ. ಉತ್ತರದ ಆಕಾರವೇ ಸುಳ್ಳನ್ನು ಹೊರಗೆಡಹಿತು. ಹುಡುಕಿದಾಗ ಆ ಪ್ರಶ್ನೆಗಳು ಬೀಜಿಂಗಿನಲ್ಲಿದ್ದ ಐ ರೂಟ್ ನೆಲೆಗೆ ಹೋಗುತ್ತಿದ್ದುದು ತಿಳಿಯಿತು. ಸ್ವೀಡನ್ನಿನ ನೆಟ್‌ನಾಡ್ ನಡೆಸುವ ಆ ಸರ್ವರ್ ಸರಿಯಾಗಿಯೇ ಇತ್ತು. ಚೀನಾದ ಒಳಗೆ ನಿರ್ಬಂಧಿತ ಹೆಸರಿನ ಪ್ರಶ್ನೆ ಕಂಡೊಡನೆ ನಡುದಾರಿಯಲ್ಲೇ ನಕಲಿ ಉತ್ತರ ತೂರಿಸುವ ಸೋಸು ವ್ಯವಸ್ಥೆ ಇದೆ. ಚಿಲಿಯ ಪ್ಯಾಕೆಟ್ಟು ಅದರ ಹೊಸ್ತಿಲು ದಾಟಿದ್ದರಿಂದ ಅದಕ್ಕೂ ಅದೇ ಉಪಚಾರ. ನೆಟ್‌ನಾಡ್ ಬೀಜಿಂಗ್ ನೆಲೆಯ ಘೋಷಣೆಯನ್ನು ಹಿಂತೆಗೆಯಿತು. ಯಾವ ದೇಶದ ಕಾನೂನು ತನ್ನ ಪ್ರಶ್ನೆಗೆ ಅನ್ವಯಿಸುತ್ತದೆ ಎಂಬುದನ್ನು ಕೇಳುವವನ ಬದಲು ರೂಟಿಂಗ್ ನಿರ್ಧರಿಸುತ್ತದೆ ಎಂಬ ಮಾತು ಅಲ್ಲಿಯವರೆಗೆ ಪಂಡಿತರ ಚರ್ಚೆಯಲ್ಲಷ್ಟೇ ಇತ್ತು.

ತನ್ನ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಓದುಗರೂ ನೋಡಬಹುದು. ಡಿಗ್ ಎಂಬ ಆದೇಶವಿರುವ ಯಾವುದೇ ಕಂಪ್ಯೂಟರ್ ಸಾಕು:

```
dig @f.root-servers.net hostname.bind CH TXT +short
dig @k.root-servers.net . SOA +nsid
```

ಮೊದಲನೆಯದು ಎಫ್ ರೂಟ್ ಪರವಾಗಿ ಉತ್ತರಿಸುತ್ತಿರುವ ಯಂತ್ರದ ಸ್ವಂತ ಹೆಸರನ್ನು ಕೇಳುತ್ತದೆ. ಆ ಹೆಸರಿನಲ್ಲಿ ಸಾಮಾನ್ಯವಾಗಿ ವಿಮಾನ ನಿಲ್ದಾಣದ ಮೂರಕ್ಷರದ ಗುರುತು ಇರುತ್ತದೆ: BOM ಎಂದರೆ ಮುಂಬೈ, MAA ಚೆನ್ನೈ, BLR ಬೆಂಗಳೂರು. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಒಮ್ಮೆ, ಮೊಬೈಲ್ ಡೇಟಾದಲ್ಲಿ ಒಮ್ಮೆ ಕೇಳಿದರೆ ಎರಡು ಬೇರೆ ಊರು ಬರುವುದು ಅಪರೂಪವಲ್ಲ. ಏನೂ ಬಾರದಿದ್ದರೆ ಅಥವಾ ರೂಟ್‌ಗೆ ಸಂಬಂಧವಿಲ್ಲದ ಹೆಸರು ಬಂದರೆ, ಸೇವಾ ಸಂಸ್ಥೆಯೇ ನಡುವೆ ಪ್ರಶ್ನೆಯನ್ನು ಹಿಡಿದು ತಾನೇ ಉತ್ತರಿಸುತ್ತಿರಬಹುದು.

ಹೆಸರನ್ನು ನಂಬದವರಿಗೆ ಬೆಳಕಿನ ವೇಗವಿದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಒಂದು ಮಿಲಿಸೆಕೆಂಡಿಗೆ 200. ಬೆಂಗಳೂರಿನಿಂದ ಕೇಳಿದ ಪ್ರಶ್ನೆಗೆ 20 ಮಿಲಿಸೆಕೆಂಡಿನಲ್ಲಿ ಉತ್ತರ ಬಂತು ಎಂದರೆ ಹೋಗಲು ಹತ್ತು, ಬರಲು ಹತ್ತು. ಸರ್ವರ್ 2,000 ಕಿಲೋಮೀಟರಿಗಿಂತ ಆಚೆ ಇರಲು ಸಾಧ್ಯವಿಲ್ಲ. ಆಮ್‌ಸ್ಟರ್‌ಡ್ಯಾಮ್ ಎಂಬ ಮಾತೇ ಇಲ್ಲ. ಒಂದು ವಿಳಾಸ ಎನಿಕಾಸ್ಟ್ ಹೌದೋ ಅಲ್ಲವೋ ಎಂದು ಸಂಶೋಧಕರು ಪತ್ತೆ ಹಚ್ಚುವುದೂ ಇದೇ ಲೆಕ್ಕದಿಂದ. ಬೆಂಗಳೂರಿಗೂ ಲಂಡನ್ನಿಗೂ ಅದೇ ವಿಳಾಸ ತಲಾ 3 ಮಿಲಿಸೆಕೆಂಡಿನಲ್ಲಿ ಉತ್ತರಿಸಿದರೆ, ಎರಡೂ ಊರಿನ 300 ಕಿಲೋಮೀಟರ್ ಒಳಗೆ ಒಂದೇ ಯಂತ್ರ ಇರಲಾಗದು. ಇರುವುದು ಎರಡು.

ಮೇಲಿನ ಎರಡನೆಯ ಆದೇಶದ ಉತ್ತರದಲ್ಲಿ ರೂಟ್ ವಲಯದ ಕ್ರಮಸಂಖ್ಯೆ ಕಾಣುತ್ತದೆ. ವರ್ಷ, ತಿಂಗಳು, ದಿನ, ಅಂದಿನ ಆವೃತ್ತಿ ಎಂಬ ಹತ್ತು ಅಂಕೆಗಳ ಸಂಖ್ಯೆ ಅದು. ಎಲ್ಲ ರೂಟ್‌ಗಳೂ ಎಲ್ಲ ನೆಲೆಗಳಲ್ಲೂ ಇದೇ ಪಟ್ಟಿಯ ಪ್ರತಿಯನ್ನು ಇಟ್ಟುಕೊಂಡಿರಬೇಕು. 2024ರ ಮೇ ತಿಂಗಳಲ್ಲಿ ಕೋಜೆಂಟ್ ನಡೆಸುವ ಸಿ ರೂಟ್ ಮೂರು ದಿನಕ್ಕಿಂತ ಹೆಚ್ಚು ಕಾಲ ಹಳೆಯ ಕ್ರಮಸಂಖ್ಯೆಯಲ್ಲೇ ನಿಂತುಬಿಟ್ಟಿತ್ತು. ಸರ್ವರ್‌ಗಳು ಉತ್ತರಿಸುತ್ತಿದ್ದವು, ಘೋಷಣೆಗಳು ಇದ್ದವು. ‘ಜೀವಂತವಾಗಿದ್ದೀಯಾ’ ಎಂದು ಮಾತ್ರ ಕೇಳುವ ಕಾವಲಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಹಳಸಿದ ಉತ್ತರ ಕೊಡುವ ನೆಲೆಯನ್ನು ಹಿಡಿಯಬೇಕಾದರೆ ಕ್ರಮಸಂಖ್ಯೆಯನ್ನೂ ಪರೀಕ್ಷಿಸಬೇಕು, ಅದನ್ನೂ ಜಗತ್ತಿನ ಹಲವು ಮೂಲೆಗಳಿಂದ. ಏಕೆಂದರೆ ಒಂದು ಮೂಲೆಯಿಂದ ಒಂದೇ ನೆಲೆ ಕಾಣುತ್ತದೆ.

ರೂಟ್ ಸರ್ವರ್‌ಗಳಿಗೆ ಎನಿಕಾಸ್ಟ್ ಇಷ್ಟು ಚೆನ್ನಾಗಿ ಒಗ್ಗಲು ಒಂದು ಕಾರಣ ಡಿಎನ್‌ಎಸ್‌ನ ಸ್ವಭಾವ. ಪ್ರಶ್ನೆ ಒಂದು ಪ್ಯಾಕೆಟ್, ಉತ್ತರ ಒಂದು ಪ್ಯಾಕೆಟ್. ಮುಂದಿನ ಪ್ರಶ್ನೆ ಬೇರೆ ಯಂತ್ರಕ್ಕೆ ಹೋದರೂ ನಷ್ಟವಿಲ್ಲ. ಟಿಸಿಪಿಯಲ್ಲಿ ನಡೆಯುವ ದೀರ್ಘ ಸಂಭಾಷಣೆ ಹಾಗಲ್ಲ. ನಡುವೆ ದಾರಿ ಬದಲಾದರೆ ಸಂಭಾಷಣೆಯ ಅರ್ಧ ಮಾತು ಏನೂ ಅರಿಯದ ಇನ್ನೊಂದು ಸರ್ವರಿಗೆ ತಲುಪುತ್ತದೆ, ಅದು ಸಂಪರ್ಕವನ್ನೇ ಕಡಿಯುತ್ತದೆ. ಮೊದಲಿಗೆ ಇದೊಂದು ದೊಡ್ಡ ಭಯವಾಗಿತ್ತು. ಬಳಕೆಯಲ್ಲಿ ನೋಡಿದರೆ ದಾರಿಗಳು ಅಷ್ಟು ಬೇಗ ಬದಲಾಗುವುದಿಲ್ಲ. ಇಂದು ಕ್ಲೌಡ್‌ಫ್ಲೇರ್‌ನಂಥ ಸಂಸ್ಥೆಗಳು ವೆಬ್ ಪುಟಗಳನ್ನೇ ಎನಿಕಾಸ್ಟ್ ವಿಳಾಸದಿಂದ ಹಂಚುತ್ತವೆ. 2009ರಲ್ಲಿ ಬಂದ ಗೂಗಲ್‌ನ 8.8.8.8, 2018ರಲ್ಲಿ ಬಂದ 1.1.1.1 ಕೂಡ ಎನಿಕಾಸ್ಟ್‌ಗಳೇ.

ಮೂಲದ ಒಂದು ದೌರ್ಬಲ್ಯ ಮಾತ್ರ ಹಾಗೇ ಇದೆ. ‘ಈ ವಿಳಾಸ ನನ್ನಲ್ಲಿದೆ’ ಎಂಬ ಘೋಷಣೆಯನ್ನು ಹಕ್ಕುಳ್ಳವರು ನೂರು ಕಡೆಯಿಂದ ಹೇಳಬಹುದಾದರೆ ನೂರೊಂದನೆಯ ಕಡೆಯಿಂದ ಹಕ್ಕಿಲ್ಲದವರೂ ಹೇಳಬಹುದು. 2024ರ ಜೂನ್ 27ರಂದು ಬ್ರೆಜಿಲ್‌ನ ಒಂದು ಜಾಲ 1.1.1.1 ಅನ್ನು ತನ್ನದೆಂದು ಘೋಷಿಸಿ ಹಲವು ದೇಶಗಳ ಕೆಲವು ಬಳಕೆದಾರರಿಗೆ ಆ ಸೇವೆ ತಪ್ಪುವಂತಾಯಿತು. ಹೊರಗಿನಿಂದ ನೋಡುವವರಿಗೆ ಹೊಸ ನೆಲೆಯೂ ಕಳ್ಳ ನೆಲೆಯೂ ಒಂದೇ ಥರ ಕಾಣುತ್ತವೆ.

ಆದ್ದರಿಂದ ನಂಬಿಕೆಯನ್ನು ವಿಳಾಸದಿಂದ ಕಿತ್ತು ಉತ್ತರಕ್ಕೇ ಕಟ್ಟುವ ಪ್ರಯತ್ನ ನಡೆದಿದೆ. 2010ರ ಜುಲೈನಲ್ಲಿ ರೂಟ್ ವಲಯಕ್ಕೆ ಡಿಎನ್‌ಎಸ್‌ಸೆಕ್ ಸಹಿ ಬಿತ್ತು. ಚಿಲಿಯ ಪ್ರಸಂಗದ ನಾಲ್ಕು ತಿಂಗಳ ನಂತರ. ಆದರೂ ರೂಟ್ ಕೊಡುವ ‘ಅಲ್ಲಿ ಕೇಳು’ ಎಂಬ ಸೂಚನೆಯ ಹೆಸರುಗಳಿಗೆ, ವಿಳಾಸಗಳಿಗೆ ಆ ಸಹಿ ಅನ್ವಯಿಸುವುದಿಲ್ಲ. ಆ ಕೊರತೆ ತುಂಬಲು ಇಡೀ ವಲಯದ ಮೇಲೆ ಒಂದೇ ಮುದ್ರೆ ಹಾಕುವ ದಾಖಲೆ 2023ರ ಡಿಸೆಂಬರಿನಿಂದ ಪರೀಕ್ಷಿಸಬಹುದಾದ ರೂಪದಲ್ಲಿ ರೂಟ್ ವಲಯದಲ್ಲಿದೆ. ವಲಯದ ಕಡತ ಕೆಲವೇ ಮೆಗಾಬೈಟ್‌ನದು. ಅದನ್ನು ಇಳಿಸಿಕೊಂಡು ರೂಟ್‌ನ ಪ್ರತಿಯನ್ನು ತನ್ನ ರಿಸಾಲ್ವರಿನಲ್ಲೇ ಇಟ್ಟುಕೊಳ್ಳುವ ಕ್ರಮವನ್ನು 2020ರ ಆರ್‌ಎಫ್‌ಸಿ 8806 ವಿವರಿಸುತ್ತದೆ; ಇಳಿಸಿದ ಪ್ರತಿಯ ಮುದ್ರೆ ಸರಿಯಿದೆಯೇ ಎಂದು ಈಗ ನೋಡಲೂಬಹುದು. ಹಾಗೆ ಮಾಡಿಕೊಂಡ ಸೇವಾ ಸಂಸ್ಥೆಗೆ ದಿನದ ಪ್ರಶ್ನೆಗಳಿಗಾಗಿ ಹದಿಮೂರು ವಿಳಾಸಗಳಲ್ಲಿ ಯಾವುದನ್ನೂ ಕೇಳುವ ಅಗತ್ಯ ಬೀಳುವುದಿಲ್ಲ.